ತಿಂಗಳಿಗೆ ಎಷ್ಟು ತಗೋತೀರಿ, ಮೇಡಂ?

ಸೀರೆ ಅಂಗಡಿಯವರು, ಹಲ್ಲಿನ ಡಾಕ್ಟರು, ಕಲ್ಯಾಣ ಮಂಟಪದವರು, ಟ್ಯೂಷನ್ ಸೆಂಟರಿನವರು ಎಲ್ಲರೂ ಈಗ ಕೇಳುವ ಪ್ರಶ್ನೆ ಒಂದೇ: "ನಮ್ಮ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನೋಡ್ಕೊಳ್ಳೋಕೆ ತಿಂಗಳಿಗೆ ಎಷ್ಟು ತಗೋತೀರಿ, ಮೇಡಂ?" ಮನೆಯಲ್ಲೇ ಕೂತು ಇಂಥ ಕೆಲಸ ಮಾಡುವ ಫ್ರೀಲಾನ್ಸರ್‌ಗಳು ಬೆಂಗಳೂರಿನ ಆಚೆಗೂ ಬೆಳೆದಿದ್ದಾರೆ. ಬಹಳಷ್ಟು ಮಂದಿ ಈ ಪ್ರಶ್ನೆಗೆ ತಕ್ಷಣ ಒಂದು ಅಂಕಿ ಹೇಳಿಬಿಡುತ್ತಾರೆ. ಹತ್ತು ಸಾವಿರ, ಹನ್ನೆರಡು ಸಾವಿರ, "ನೀವು ನೋಡಿ ಕೊಡಿ ಸರ್". ಮೂರನೆಯ ತಿಂಗಳು ಬರುವ ಹೊತ್ತಿಗೆ ರಾತ್ರಿ ಹತ್ತೂವರೆಗೂ ವಾಟ್ಸ್ಯಾಪ್ ಮೊಳಗುತ್ತಿರುತ್ತದೆ, ಅಂಗಡಿಯವರಿಗೂ ಸಮಾಧಾನವಿರುವುದಿಲ್ಲ. ಸಾಮಾನ್ಯವಾಗಿ ಇಬ್ಬರಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ಆ ಹಣಕ್ಕೆ ಏನೆಲ್ಲ ಬರುತ್ತದೆ, ಏನು ಬರುವುದಿಲ್ಲ ಎಂದು ಮೊದಲ ದಿನ ಯಾರೂ ಬರೆದಿಟ್ಟಿರುವುದಿಲ್ಲ, ಅಷ್ಟೇ.

ತಿಂಗಳಿಗೆ ಇಷ್ಟು ಎಂದು ಮುಂಗಡ ಒಪ್ಪಿಕೊಂಡು, ಗೊತ್ತುಪಡಿಸಿದ ಕೆಲಸವನ್ನು ಪ್ರತಿ ತಿಂಗಳೂ ಮಾಡಿಕೊಡುವ ಏರ್ಪಾಟಿಗೆ ಈ ವ್ಯವಹಾರದಲ್ಲಿ ರಿಟೇನರ್ ಎನ್ನುತ್ತಾರೆ. ಇದರ ಬೆಲೆ ಕಟ್ಟುವಾಗ ಹೆಚ್ಚಿನವರು ಹಿಡಿಯುವ ದಾರಿ ಪೋಸ್ಟಿನ ಲೆಕ್ಕ. ಪೋಸ್ಟರಿಗೆ ಇಷ್ಟು, ರೀಲಿಗೆ ಇಷ್ಟು, ಎಲ್ಲ ಕೂಡಿಸಿ ಅದರಲ್ಲಿ ಸ್ವಲ್ಪ ಬಿಟ್ಟುಕೊಡುವುದು. ಕಣ್ಣಿಗೆ ಕಾಣುವ ಕೆಲಸ ಮಾತ್ರ ಈ ಲೆಕ್ಕಕ್ಕೆ ಸಿಗುತ್ತದೆ. ಅಂಗಡಿಗೆ ಹೋಗಿ ಶೂಟ್ ಮಾಡಿದ್ದು, ಕಮೆಂಟಿಗೆ ಉತ್ತರ ಕೊಟ್ಟಿದ್ದು, ಒಪ್ಪಿಗೆಗೆ ಕಾದಿದ್ದು, ಬಾರ್ಡರ್ ಬಣ್ಣ ಮೂರು ಸಲ ಬದಲಿಸಿದ್ದು ಯಾವುದೂ ಅದರೊಳಗಿಲ್ಲ. ಈ ಕೆಲಸದಲ್ಲಿ ಖರ್ಚಾಗುವುದು ಗಂಟೆಗಳು. ಆದ್ದರಿಂದ ಲೆಕ್ಕವೂ ಗಂಟೆಯಿಂದಲೇ ಶುರುವಾಗಬೇಕು.

ಮೊದಲು ಒಂದು ಗಂಟೆಗೆ ಎಷ್ಟು ಬಿದ್ದರೆ ಬದುಕು ಸಾಗುತ್ತದೆ ಎಂದು ನೋಡಬೇಕು. ಕೆಲಸ ಮಾಡುವಾಕೆಗೆ ತಿಂಗಳಿಗೆ ಕೈಗೆ 40,000 ರೂಪಾಯಿ ಬೇಕು ಎಂದಿಟ್ಟುಕೊಳ್ಳೋಣ. ಇಂಟರ್ನೆಟ್ಟು, ಡಿಸೈನ್ ಆ್ಯಪ್‌ಗಳ ಚಂದಾ, ಫೋನು-ಲ್ಯಾಪ್‌ಟಾಪಿನ ಸವಕಳಿ, ಓಡಾಟ, ಆರೋಗ್ಯ ವಿಮೆ ಸೇರಿ ಇನ್ನೊಂದು 8,000. ಒಟ್ಟು 48,000. ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ ದುಡಿದರೆ 176 ಗಂಟೆ. ಇಷ್ಟೂ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಹೊಸ ಗಿರಾಕಿ ಹುಡುಕುವುದು, ಕೊಟೇಶನ್ ಬರೆಯುವುದು, ಬಿಲ್ಲು ಮಾಡುವುದು, ಬಾಕಿ ಕೇಳುವುದು, ಹೊಸದು ಕಲಿಯುವುದು ಇವಕ್ಕೆಲ್ಲ ಸಮಯ ಹೋಗುತ್ತದೆ. ಬಿಲ್ಲಿಗೆ ಬರುವ ಗಂಟೆ ನೂರರ ಆಸುಪಾಸು ಉಳಿದರೆ ಅದೇ ಹೆಚ್ಚು. 48,000ವನ್ನು ನೂರರಿಂದ ಭಾಗಿಸಿದರೆ ಗಂಟೆಗೆ 480. ಒಬ್ಬ ಗಿರಾಕಿ ಕೈಬಿಟ್ಟು ಇನ್ನೊಬ್ಬರು ಸಿಗುವವರೆಗಿನ ಖಾಲಿ ದಿನಗಳಿಗೆಂದು ಶೇಕಡ 15ರಷ್ಟು ಸೇರಿಸಿದರೆ 550 ರೂಪಾಯಿ. ಇದು ಆಕೆಯ ತಳಬೆಲೆ. ಊರು, ಅನುಭವ, ಮನೆಯ ಖರ್ಚು ಬದಲಾದರೆ ಅಂಕಿ ಬದಲಾಗುತ್ತದೆ. ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಈಗ ಇದನ್ನು ಒಂದು ಅಂಗಡಿಯ ಮೇಲೆ ಇಟ್ಟು ನೋಡಬಹುದು. ದಾವಣಗೆರೆಯ ಪೇಟೆಯಲ್ಲಿ ಮಧ್ಯಮ ಗಾತ್ರದ ಸೀರೆ ಅಂಗಡಿ. ಆಷಾಢದ ಸೇಲು, ವರಮಹಾಲಕ್ಷ್ಮಿ, ದಸರಾ, ದೀಪಾವಳಿ, ಆಮೇಲೆ ಮದುವೆ ಸೀಸನ್ನು. ಮಾಲೀಕರಿಗೆ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ಕಿನಲ್ಲಿ ತಿಂಗಳಿಗೆ 4 ರೀಲು, 8 ಪೋಸ್ಟರು ಬೇಕು. ಬರುವ ಮೆಸೇಜುಗಳಿಗೆ ಉತ್ತರವನ್ನೂ ಕೊಡಬೇಕು.

ತಿಂಗಳ ಯೋಜನೆ ಮತ್ತು ಒಂದು ಭೇಟಿಗೆ 3 ಗಂಟೆ. ಅಂಗಡಿಯಲ್ಲಿ ಅರ್ಧ ದಿನದ ಶೂಟ್‌ಗೆ, ಹೋಗಿಬರುವುದೂ ಸೇರಿ, 4 ಗಂಟೆ. ಒಂದು ರೀಲಿನ ಎಡಿಟಿಂಗ್‌ಗೆ ಎರಡೂವರೆ ಗಂಟೆಯಂತೆ ನಾಲ್ಕಕ್ಕೆ 10. ಪೋಸ್ಟರಿಗೆ ಒಂದು ಗಂಟೆಯಂತೆ 8. ಕ್ಯಾಪ್ಶನ್ ಬರೆದು ಶೆಡ್ಯೂಲ್ ಮಾಡಲು 2. ಮೆಸೇಜು, ಕಮೆಂಟುಗಳಿಗೆ ದಿನಕ್ಕೆ 20 ನಿಮಿಷದಂತೆ 24 ದಿನಕ್ಕೆ 8 ಗಂಟೆ. ತಿದ್ದುಪಡಿಗೆ 3, ತಿಂಗಳ ವರದಿಗೆ ಒಂದೂವರೆ, ಫೋನು ಮಾತುಕತೆಗೆ ಎರಡೂವರೆ. ಎಲ್ಲ ಸೇರಿ 42 ಗಂಟೆ. ಗಂಟೆಗೆ 550ರಂತೆ 23,100 ರೂಪಾಯಿ.

ಈ ಅಂಕಿ ಹೇಳಿದಾಗ ಮಾಲೀಕರು ಹೇಳುವುದೂ ಗೊತ್ತಿರುವ ಮಾತೇ: "ಹದಿನೈದಕ್ಕೆ ಮಾಡ್ರಿ ಮೇಡಂ, ಮುಂದೆ ಜಾಸ್ತಿ ಮಾಡೋಣಂತೆ." ಇಲ್ಲಿಯೇ ಹೆಚ್ಚಿನವರು ಜಾರುವುದು. ಅದೇ 42 ಗಂಟೆಯ ಕೆಲಸವನ್ನು 15,000ಕ್ಕೆ ಒಪ್ಪಿಕೊಂಡರೆ ಗಂಟೆಗೆ 357 ರೂಪಾಯಿ ಬಿತ್ತು. ತಳಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಮುಂದೆ ಜಾಸ್ತಿ ಮಾಡುವ ದಿನ ಬಂದರೂ ಆ ಹೊತ್ತಿಗೆ ಅಂಗಡಿಗೆ ಈ ಕೆಲಸದ ಬೆಲೆ 15,000 ಎಂದು ಮನಸ್ಸಿನಲ್ಲಿ ಕೂತಿರುತ್ತದೆ.

ಹಾಗೆಂದು 15,000 ಎಂದ ಗಿರಾಕಿಯನ್ನು ಬಿಡಬೇಕೆಂದಿಲ್ಲ. ಗಂಟೆಯ ಬೆಲೆಯನ್ನು ಮುಟ್ಟದೆ ಕೆಲಸವನ್ನು ಕಡಿಮೆ ಮಾಡಬೇಕು. ಮೊದಲು ತೆಗೆಯಬೇಕಾದ್ದು ಮೆಸೇಜುಗಳಿಗೆ ಉತ್ತರಿಸುವ ಕೆಲಸ. ಸೀರೆ ಅಂಗಡಿಗೆ ಬರುವ ಪ್ರಶ್ನೆಗಳು "ರೇಟ್ ಎಷ್ಟು", "ಇದೇ ಕಲರ್ ಇದೆಯಾ", "ಕೊರಿಯರ್ ಮಾಡ್ತೀರಾ" ಎಂಬಂಥವು. ಸ್ಟಾಕು ಎದುರಿಗಿರುವ ಅಂಗಡಿಯ ಹುಡುಗ ಕೊಡುವಷ್ಟು ಸರಿಯಾದ ಉತ್ತರವನ್ನು ಮನೆಯಲ್ಲಿ ಕೂತವರು ಕೊಡಲಾರರು. ಅವರು ಮತ್ತೆ ಅಂಗಡಿಗೇ ಫೋನು ಮಾಡಿ ಕೇಳಬೇಕು. ಹತ್ತಿಪ್ಪತ್ತು ಸಿದ್ಧ ಉತ್ತರಗಳನ್ನು ವಾಟ್ಸ್ಯಾಪ್ ಬಿಸಿನೆಸ್‌ನಲ್ಲಿ ಒಂದು ಸಲ ಹಾಕಿಕೊಟ್ಟು, ಮಾತುಕತೆಯನ್ನು ಅಂಗಡಿಗೇ ಬಿಟ್ಟುಕೊಟ್ಟರೆ 8 ಗಂಟೆ ಉಳಿಯಿತು. ರೀಲು ನಾಲ್ಕರಿಂದ ಮೂರಾದರೆ ಎರಡೂವರೆ ಗಂಟೆ, ಪೋಸ್ಟರು ಎಂಟರಿಂದ ಐದಾದರೆ 3 ಗಂಟೆ. ಇವು ಕಡಿಮೆಯಾದ ಮೇಲೆ ತಿದ್ದುಪಡಿಯಲ್ಲೂ ಒಂದು ಗಂಟೆ ಇಳಿಯುತ್ತದೆ. ಉಳಿದದ್ದು ಇಪ್ಪತ್ತೇಳೂವರೆ ಗಂಟೆ, ಅಂದರೆ 15,125 ರೂಪಾಯಿ. ಈಗ ಆಕೆ 15,000ಕ್ಕೆ ಒಪ್ಪಿಕೊಳ್ಳಬಹುದು.

ಕಾಗದದ ಮೇಲೆ ಎರಡು ಏರ್ಪಾಟುಗಳನ್ನೂ ಪಕ್ಕಪಕ್ಕ ಬರೆದು ಕೊಡುವುದು ಒಳ್ಳೆಯದು. ಆಗ ಮಾಲೀಕರು ಚೌಕಾಸಿ ಮಾಡುವುದನ್ನು ಬಿಟ್ಟು ಯಾವುದು ಬೇಕೆಂದು ಆರಿಸಲು ಕೂರುತ್ತಾರೆ. ಸೀರೆ ವ್ಯಾಪಾರಿಗೆ ಇದು ಅಪರಿಚಿತವೇನಲ್ಲ. ಸೀರೆಯ ಬೆಲೆ ಬೇರೆ, ಫಾಲ್-ಜಿಗ್‌ಜಾಗ್ ಬೇರೆ, ಕುಚ್ಚು ಬೇರೆ ಎಂದು ಅವರೇ ದಿನವೂ ಗಿರಾಕಿಗೆ ಹೇಳುತ್ತಿರುತ್ತಾರೆ.

ಅಂಕಿ ಒಪ್ಪಿಕೊಂಡ ಮೇಲೆ ಮುಖ್ಯವಾದ ಕೆಲಸ ಬಾಕಿಯಿದೆ. "3 ರೀಲು, 5 ಪೋಸ್ಟರು" ಎಂದಷ್ಟೇ ಬರೆದರೆ ವ್ಯಾಪ್ತಿ ಗೊತ್ತಾಗುವುದಿಲ್ಲ. ಎಂಟು ಚಿತ್ರಗಳ ಒಂದು ಕ್ಯಾರೊಸೆಲ್ ಒಂದು ಪೋಸ್ಟರೋ, ಎಂಟೋ? ರೀಲು ಮೂವತ್ತು ಸೆಕೆಂಡಿನದೋ, ಎರಡು ನಿಮಿಷದ್ದೋ? ಹಬ್ಬದ ಶುಭಾಶಯ ಈ ಐದರೊಳಗೆ ಬರುತ್ತದೋ, ಹೊರಗೋ? ಕನ್ನಡ ನಾಡಿನ ಅಂಗಡಿಗೆ ಶ್ರಾವಣದಿಂದ ದೀಪಾವಳಿವರೆಗೆ ಶುಭಾಶಯ ಹೇಳಬೇಕಾದ ದಿನಗಳು ಸಾಲುಸಾಲಾಗಿ ಬರುತ್ತವೆ. ಮುಗಿಯಿತು ಎನ್ನುವಷ್ಟರಲ್ಲಿ ರಾಜ್ಯೋತ್ಸವ. ಇವನ್ನೆಲ್ಲ ಪುಕ್ಕಟೆಯೆಂದು ಸೇರಿಸಿಕೊಂಡರೆ ಐದು ಪೋಸ್ಟರು ಹತ್ತಾಗುತ್ತದೆ. ಹಾಗಾಗಿ ಒಪ್ಪಂದದಲ್ಲಿ ಹೀಗೆ ಬರೆಯಬಹುದು: ಒಂದು ಪೋಸ್ಟರ್ ಎಂದರೆ ಐದು ಚಿತ್ರಗಳವರೆಗೆ, ಒಂದು ರೀಲು ಎಂದರೆ 45 ಸೆಕೆಂಡಿನವರೆಗೆ ಮತ್ತು ಆ ತಿಂಗಳ ಶೂಟ್‌ನಲ್ಲಿ ತೆಗೆದದ್ದು, ಹಬ್ಬದ ಶುಭಾಶಯ ಐದರೊಳಗೇ ಲೆಕ್ಕ.

ಅದಕ್ಕಿಂತ ಹೆಚ್ಚು ಗಂಟೆ ನುಂಗುವುದು ತಿದ್ದುಪಡಿ. ಅದು ಬರುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮಂಗಳವಾರ ಬೆಳಿಗ್ಗೆ ಪೋಸ್ಟರ್ ಕಳಿಸಿದರೆ ಮಧ್ಯಾಹ್ನ ಮಾಲೀಕರ ಮೆಸೇಜು: "ಚೆನ್ನಾಗೈತಿ, ಫೋನ್ ನಂಬರ್ ಸ್ವಲ್ಪ ದೊಡ್ಡದು ಮಾಡ್ರಿ." ದೊಡ್ಡದು ಮಾಡಿ ಕಳಿಸಿದ ಮೇಲೆ ಸಂಜೆ ಅವರ ಮಗನಿಂದ: "ಅಕ್ಕಾ, ಬ್ಯಾಕ್‌ಗ್ರೌಂಡ್ ಡಲ್ ಆಯ್ತು." ಅದನ್ನೂ ಬದಲಿಸಿದರೆ ರಾತ್ರಿ ಒಂಬತ್ತಕ್ಕೆ ಮತ್ತೆ ಮಾಲೀಕರು: "ನಮ್ಮ ಮನೆಯವರಿಗೆ ಮೊದಲಿನ ಬ್ಯಾಕ್‌ಗ್ರೌಂಡೇ ಚೆನ್ನಾಗಿತ್ತಂತೆ." ಒಂದೊಂದೂ ಹತ್ತು ನಿಮಿಷದ ಕೆಲಸವೇ. ಆದರೆ ಫೈಲು ತೆಗೆದು, ಬದಲಿಸಿ, ಸೇವ್ ಮಾಡಿ, ಕಳಿಸಿ, ಕೈಯಲ್ಲಿದ್ದ ಬೇರೆ ಕೆಲಸಕ್ಕೆ ಮರಳುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಒಂದು ಪೋಸ್ಟರಿಗೆಂದು ಇಟ್ಟಿದ್ದ ಒಂದು ಗಂಟೆ ಎರಡೂವರೆಯಾಯಿತು.

"ಎರಡು ಸಲ ತಿದ್ದುಪಡಿ ಉಚಿತ" ಎಂದು ಬರೆಯುವುದು ವಾಡಿಕೆ. ಮೂರು ಜನ ಮೂರು ಹೊತ್ತಿನಲ್ಲಿ ಹೇಳಿದರೆ ಎಷ್ಟು ಸಲ ಎಂದು ಎಣಿಸುವುದರಲ್ಲೇ ಜಗಳವಾಗುತ್ತದೆ. ಇದಕ್ಕಿಂತ ಚೆನ್ನಾಗಿ ನಡೆಯುವ ನಿಯಮ ಬೇರೆಯಿದೆ. ಒಪ್ಪಿಗೆ ಕೊಡುವವರು ಒಬ್ಬರೇ, ಅವರ ಹೆಸರು ಒಪ್ಪಂದದಲ್ಲೇ ಇರಬೇಕು. ಇಡೀ ವಾರದ ಕೆಲಸವನ್ನು ಒಟ್ಟಿಗೆ ಕಳಿಸಲಾಗುತ್ತದೆ. ಮನೆಯವರೆಲ್ಲ ನೋಡಿದ ಮೇಲೆ ಎಲ್ಲ ಬದಲಾವಣೆಯನ್ನೂ ಒಂದೇ ಮೆಸೇಜಿನಲ್ಲಿ ಎರಡು ಕೆಲಸದ ದಿನದೊಳಗೆ ಹೇಳಬೇಕು. ಅದಾದ ಮೇಲೆ ಬರುವ ಬದಲಾವಣೆಗೆ ಬೇರೆ ದರ. ತಪ್ಪು ಮಾಡಿದ್ದು ಕೆಲಸ ಮಾಡಿದವರೇ ಆದರೆ, ಅಂದರೆ ಬೆಲೆಯ ಅಂಕಿಯನ್ನೋ ವಿಳಾಸವನ್ನೋ ತಪ್ಪಾಗಿ ಹಾಕಿದ್ದರೆ, ಅದನ್ನು ಎಷ್ಟು ಸಲವಾದರೂ ಪುಕ್ಕಟೆ ಸರಿಪಡಿಸಬೇಕು. ಈ ಕೊನೆಯ ವಾಕ್ಯ ಇಲ್ಲದ ಒಪ್ಪಂದ ಗಿರಾಕಿಗೆ ಅನ್ಯಾಯ.

ಸಾಮಗ್ರಿ ತಡವಾಗಿ ಬಂದಾಗಲೂ ಹೀಗೆಯೇ. ಮುಂದಿನ ತಿಂಗಳ ಆಫರು, ಹೊಸ ಸ್ಟಾಕಿನ ವಿವರ ಈ ತಿಂಗಳ 25ರೊಳಗೆ ಸಿಗಬೇಕು ಎಂದು ಬರೆಯಬೇಕು. ಅಂಗಡಿಯವರ ಕಡೆಯಿಂದ ಬಾರದೆ ಪೋಸ್ಟು ನಿಂತರೆ ಅದು ಮುಂದಿನ ತಿಂಗಳಿಗೆ ಜಮೆಯಾಗುವುದಿಲ್ಲ. ಹೀಗೆ ಬರೆಯದಿದ್ದರೆ ಆಷಾಢದಲ್ಲಿ ನಿಂತ ನಾಲ್ಕು ಪೋಸ್ಟರು ವರಮಹಾಲಕ್ಷ್ಮಿಯ ವಾರದಲ್ಲಿ ಒಟ್ಟಿಗೆ ಬಂದು ಬೀಳುತ್ತವೆ.

ಸಿನಿಮಾ ಹಾಡಿನ ವಿಷಯ ಒಂದು ಮಾತು ಬೇಡುತ್ತದೆ. ಇನ್‌ಸ್ಟಾಗ್ರಾಂನಲ್ಲಿ ವ್ಯಾಪಾರಿ ಖಾತೆಗಳಿಗೆ ಜನಪ್ರಿಯ ಹಾಡುಗಳಲ್ಲಿ ಬಹಳಷ್ಟು ಸಿಗುವುದಿಲ್ಲ. ವ್ಯಾಪಾರಕ್ಕೆ ಬಳಸಬಹುದಾದ ಸಂಗೀತದ ಬೇರೆ ಸಂಗ್ರಹವನ್ನು ಮೆಟಾ ಕೊಟ್ಟಿದೆ. "ಆ ಟ್ರೆಂಡಿಂಗ್ ಹಾಡೇ ಹಾಕ್ರಿ" ಎಂಬ ಒತ್ತಾಯಕ್ಕೆ ಮಣಿದು ಹಾಡನ್ನು ಹೊರಗಿನಿಂದ ತಂದು ವಿಡಿಯೊಗೆ ಅಂಟಿಸಿದರೆ, ಹಕ್ಕುದಾರರ ತಕರಾರಿನಿಂದ ರೀಲಿನ ಧ್ವನಿ ಬಂದಾಗಬಹುದು. ಆಮೇಲೆ ಮತ್ತೆ ಎಡಿಟ್ ಮಾಡುವ ಗಂಟೆ ಯಾರದು? ಪರವಾನಗಿ ಇರುವ ಸಂಗೀತವನ್ನು ಮಾತ್ರ ಬಳಸಲಾಗುವುದು ಎಂಬ ಒಂದು ಸಾಲು ಇಬ್ಬರನ್ನೂ ಕಾಯುತ್ತದೆ.

ಇಷ್ಟೆಲ್ಲ ಗೆರೆ ಎಳೆದ ಮೇಲೂ ಹೆಚ್ಚಿನ ಕೆಲಸ ಬಂದೇ ಬರುತ್ತದೆ, ಬರಲೂ ಬೇಕು. ಅದಕ್ಕೆ ಒಪ್ಪಂದದ ಕೆಳಗೇ ಒಂದು ದರಪಟ್ಟಿ ಇದ್ದರೆ ಪ್ರತಿ ಸಲ ಮುಜುಗರಪಡಬೇಕಿಲ್ಲ. ಹೆಚ್ಚುವರಿ ರೀಲಿಗೆ ಎಡಿಟಿಂಗ್, ತಿದ್ದುಪಡಿ ಸೇರಿ 3 ಗಂಟೆ ಎಂದರೆ 1,650, ಪೋಸ್ಟರಿಗೆ 700, ಇನ್ನೊಂದು ಶೂಟ್‌ಗೆ 2,200, "ಇವತ್ತೇ ಬೇಕು" ಎಂದರೆ ಒಂದೂವರೆ ಪಟ್ಟು. ಕೇಳಿದಾಗ "ಆಗುತ್ತೆ ಸರ್, ಪಟ್ಟಿಯಲ್ಲಿರೋ ಹಾಗೆ 1,650 ಆಗುತ್ತೆ, ಶುರು ಮಾಡ್ಲಾ?" ಎಂದರೆ ಸಾಕು. ಆಗ ಆ ರೀಲು ಅಷ್ಟು ಅಗತ್ಯವೇ ಎಂದು ಮಾಲೀಕರೇ ಯೋಚಿಸುತ್ತಾರೆ. ಸೀಸನ್ನಿಗೂ ಇದೇ ಪಟ್ಟಿಯಿಂದ ಲೆಕ್ಕ ಮಾಡಬಹುದು: ಶ್ರಾವಣ ಮತ್ತು ದಸರಾ ತಿಂಗಳಲ್ಲಿ 2 ರೀಲು, 4 ಪೋಸ್ಟರು ಹೆಚ್ಚು ಬೇಕೆಂದರೆ ಆ ತಿಂಗಳ ಬಿಲ್ಲು 6,100 ಹೆಚ್ಚು. ವರ್ಷದ ಮೊದಲಿಗೇ ಹೇಳಿಬಿಟ್ಟರೆ ಅಂಗಡಿಯ ಜಾಹೀರಾತು ಬಜೆಟ್ಟಿನಲ್ಲಿ ಅದಕ್ಕೆ ಜಾಗ ಸಿಗುತ್ತದೆ.

ಜಾಹೀರಾತಿನ ಹಣವನ್ನು ಈ 15,000ದೊಳಗೆ ಸೇರಿಸಿಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಪೋಸ್ಟ್ ಬೂಸ್ಟ್ ಮಾಡಲು, ಆ್ಯಡ್ ಓಡಿಸಲು ಮೆಟಾಕ್ಕೆ ಕೊಡುವ ಹಣ ಅಂಗಡಿಯ ಕಾರ್ಡಿನಿಂದಲೇ ಹೋಗಬೇಕು. ಮೆಟಾ ಅದರ ಮೇಲೆ ಶೇಕಡ 18 ಜಿಎಸ್‌ಟಿ ಹಾಕುತ್ತದೆ. ಬಿಲ್ಲು ಅಂಗಡಿಯ ಹೆಸರಿನಲ್ಲಿ, ಅದರ ಜಿಎಸ್‌ಟಿ ಸಂಖ್ಯೆಯೊಂದಿಗೆ ಇದ್ದರೆ ಆ ತೆರಿಗೆಯನ್ನು ಅಂಗಡಿಯವರು ತಮ್ಮ ಲೆಕ್ಕದಲ್ಲಿ ಹಿಡಿದುಕೊಳ್ಳಲು ದಾರಿಯಿದೆ. ಫ್ರೀಲಾನ್ಸರ್ ತನ್ನ ಕಾರ್ಡಿನಿಂದ ಕಟ್ಟಿ ಆಮೇಲೆ ವಸೂಲಿಗೆ ಕೂತರೆ ಆ ಅನುಕೂಲ ಅಂಗಡಿಗೂ ತಪ್ಪುತ್ತದೆ, ಬಾಕಿ ಉಳಿಯುವ ಅಪಾಯ ಈಕೆಗೆ. ಪೇಜು, ಆ್ಯಡ್ ಅಕೌಂಟು ಎರಡೂ ಅಂಗಡಿಯವರ ಹೆಸರಿನಲ್ಲೇ ಇದ್ದು, ಮೆಟಾ ಬಿಸಿನೆಸ್ ಸೂಟ್ ಮೂಲಕ ಈಕೆಗೆ ಕೆಲಸದ ಅನುಮತಿ ಕೊಟ್ಟರೆ ಸಾಕು. ಪಾಸ್‌ವರ್ಡ್ ಕೊಡಬೇಕಿಲ್ಲ. ಒಪ್ಪಂದ ಮುಗಿದ ದಿನ ಅನುಮತಿ ತೆಗೆದರಾಯಿತು. ಈ ಅನುಮತಿಗಳ ಹೊಂದಾಣಿಕೆ, ಹಳೆಯ ಪೇಜಿನ ಶುಚಿ, ವಿಳಾಸ-ನಂಬರಿನ ತಿದ್ದುಪಡಿ ಇವೆಲ್ಲ ಮೊದಲ ತಿಂಗಳಲ್ಲಿ ಸುಮಾರು 8 ಗಂಟೆ ಕೇಳುತ್ತವೆ. ಅದಕ್ಕೆ ಒಂದೇ ಸಲದ 4,400 ರೂಪಾಯಿ ಬೇರೆ ಹೇಳಬೇಕು.

ಇಷ್ಟು ಫಾಲೋವರ್ಸ್ ತರುತ್ತೇನೆ, ವ್ಯಾಪಾರ ಇಷ್ಟು ಹೆಚ್ಚಿಸುತ್ತೇನೆ ಎಂಬ ಮಾತನ್ನೂ ಬೆಲೆಯೊಂದಿಗೆ ಗಂಟು ಹಾಕಬಾರದು. ಯಾವ ರೀಲು ಎಷ್ಟು ಜನರ ಮುಂದೆ ಬರುತ್ತದೆ ಎಂಬುದು ಕೆಲಸ ಮಾಡುವವರ ಕೈಯಲ್ಲಿಲ್ಲ. ಮಾರಾಟದ ಮೇಲೆ ಕಮಿಷನ್ ಕೊಡುತ್ತೇವೆ ಎನ್ನುವ ಮಾಲೀಕರೂ ಇದ್ದಾರೆ. ಆದರೆ ರೀಲು ನೋಡಿ ಅಂಗಡಿಗೆ ಬಂದವರು ಯಾರು, ದಾರಿಯಲ್ಲಿ ಹೋಗುತ್ತ ಒಳಗೆ ಬಂದವರು ಯಾರು ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ಭರವಸೆ ಕೊಡಬಹುದಾದದ್ದು ಹೇಳಿದಷ್ಟು ಕೆಲಸ, ಹೇಳಿದ ದಿನ, ತಿಂಗಳ ಕೊನೆಗೆ ಒಂದು ಪುಟದ ವರದಿ.

ಹಣ ಬರುವ ದಿನದ ಬಗ್ಗೆಯೂ ಸಂಕೋಚ ಬೇಡ. ರಿಟೇನರ್ ತಿಂಗಳ ಮೊದಲಿಗೇ, 5ನೇ ತಾರೀಖಿನೊಳಗೆ ಬರಬೇಕು. ಶೂಟ್‌ನ ದಿನ ಅದಾದ ಮೇಲೆಯೇ ಗೊತ್ತುಮಾಡುವುದು. ಜಿಎಸ್‌ಟಿ ಕುರಿತು ಹೊಸಬರಿಗೆ ಭಯವಿರುತ್ತದೆ. ಸೇವೆ ಒದಗಿಸುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ತಿಂಗಳಿಗೆ 15,000ದ ಮೂವರು ಗಿರಾಕಿಗಳೆಂದರೆ ವರ್ಷಕ್ಕೆ 5,40,000, ಮಿತಿ ಬಹಳ ದೂರ. ಅಂಗಡಿ ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಆಗಿದ್ದರೆ ಬಿಲ್ಲಿನಲ್ಲಿ ಟಿಡಿಎಸ್ ಹಿಡಿಯಬಹುದು. ವೃತ್ತಿಪರ ಶುಲ್ಕವೆಂದು ಶೇಕಡ 10 ಹಿಡಿದರೆ ಕೈಗೆ ಬರುವುದು 13,500. ಉಳಿದ 1,500 ಈಕೆಯ ಪ್ಯಾನ್ ಸಂಖ್ಯೆಗೆ ಜಮೆಯಾಗಿರುತ್ತದೆ. ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಹೊಂದುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ. ಇದನ್ನು ತಿಳಿಯದೆ ಆ 1,500ನ್ನು ಬೆಲೆಗೆ ಸೇರಿಸಿ ಹೇಳುವುದೂ ತಪ್ಪು, ನಷ್ಟವಾಯಿತೆಂದು ಸುಮ್ಮನಿರುವುದೂ ತಪ್ಪು. ಉದ್ಯಮ್ ಪೋರ್ಟಲ್ಲಿನಲ್ಲಿ ಪುಕ್ಕಟೆ ನೋಂದಣಿ ಮಾಡಿಸಿಕೊಂಡರೆ ಬಾಕಿಯ ವಿಷಯದಲ್ಲಿ ಕಾನೂನಿನ ಬಲವೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಇಂಥ ಚಿಕ್ಕ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನಕ್ಕಿಂತ ಹೆಚ್ಚು ತಡೆಹಿಡಿಯುವಂತಿಲ್ಲ.

ಮೊದಲ ಒಪ್ಪಂದ ಮೂರು ತಿಂಗಳಿಗೆ ಇದ್ದರೆ ಸಾಕು. ಆ ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂದು ದಿನವೂ ಬರೆದಿಡಬೇಕು. ಇಪ್ಪತ್ತೇಳೂವರೆಯ ಅಂದಾಜು ಮೊದಲ ತಿಂಗಳು 32 ಆದರೆ ಗಾಬರಿ ಬೇಡ, ಹೊಸ ಅಂಗಡಿಯ ರೀತಿ ತಿಳಿಯಲು ಅಷ್ಟು ಹಿಡಿಯುತ್ತದೆ. ಮೂರನೆಯ ತಿಂಗಳೂ 36 ಗಂಟೆ ಹೋಗಿದ್ದರೆ ಗಂಟೆಗೆ 417 ರೂಪಾಯಿಯಷ್ಟೇ ಬೀಳುತ್ತಿದೆ. ಎಲ್ಲಿ ಸೋರುತ್ತಿದೆ ಎಂದು ಆ ನೋಟ್‌ಬುಕ್ಕೇ ತೋರಿಸುತ್ತದೆ. ಎಡಿಟಿಂಗ್‌ಗೆ ಎರಡೂವರೆಯ ಬದಲು ನಾಲ್ಕು ಗಂಟೆ ಹೋಗುತ್ತಿದ್ದರೆ ಅದು ಈಕೆಯ ಅಂದಾಜಿನದ್ದೋ ಕೈಚಳಕದ್ದೋ ಕೊರತೆ. ಗಿರಾಕಿಯ ಮೇಲೆ ಹಾಕುವಂತಿಲ್ಲ. ಫೋನು ಮಾತುಕತೆಗೆ ಎರಡೂವರೆಯ ಬದಲು ಒಂಬತ್ತು ಗಂಟೆ ಹೋಗುತ್ತಿದ್ದರೆ, ಹೊಸ ಒಪ್ಪಂದಕ್ಕೆ ಕೂತಾಗ ಆ ಪುಟವನ್ನು ಮಾಲೀಕರ ಮುಂದಿಡಬೇಕು.

ಹಾಗೆ ಕೂತಾಗ ಕೆಲವು ಮಾಲೀಕರು ನೇರವಾಗಿಯೇ ಕೇಳುತ್ತಾರೆ: "ಇದೇ ದುಡ್ಡಿಗೆ ಅಂಗಡಿಯಲ್ಲೇ ಒಬ್ಬ ಹುಡುಗಿಯನ್ನು ಇಟ್ಕೊಂಡ್ರೆ ದಿನಾ ಇರ್ತಾಳಲ್ಲ ಮೇಡಂ?" ಪ್ರಾಮಾಣಿಕ ಉತ್ತರ ಕೆಲವೊಮ್ಮೆ "ಹೌದು, ಇಟ್ಕೊಳ್ಳಿ" ಎಂದೇ ಆಗಿರುತ್ತದೆ. ದಿನವೂ ಹೊಸ ಸ್ಟಾಕಿನ ವಿಡಿಯೊ, ಲೈವ್, ಮೆಸೇಜಿಗೆ ಐದು ನಿಮಿಷದಲ್ಲಿ ಉತ್ತರ ಬೇಕೆನ್ನುವ ಅಂಗಡಿಗೆ ಇಪ್ಪತ್ತೇಳೂವರೆ ಗಂಟೆಯ ರಿಟೇನರ್ ಸಾಲುವುದಿಲ್ಲ. ಅಲ್ಲಿ ಬೇಕಾದ್ದು ಸಂಬಳದ ನೌಕರಿ. ಆ ಹುಡುಗಿ ಬಂದ ಮೇಲೆ ಫ್ರೀಲಾನ್ಸರ್‌ಗೆ ಉಳಿಯುವುದು ತಿಂಗಳ ಯೋಜನೆ, ಅವಳು ಮಾಡಿದ್ದನ್ನು ವಾರಕ್ಕೊಮ್ಮೆ ನೋಡಿ ತಿದ್ದಿಸುವುದು, ಕೊನೆಗೆ ವರದಿ. ಅದು 8 ಗಂಟೆಯ ಕೆಲಸ. ತಿಂಗಳಿಗೆ 4,400 ರೂಪಾಯಿಯ ಬೇರೆಯದೇ ಒಪ್ಪಂದ, ಅದಕ್ಕೂ ಒಂದು ಪುಟದ ಷರತ್ತು.